ಮಾವನ 38 ನಿಮಿಷ

ಬೆಳಿಗ್ಗೆ ಆರಕ್ಕೆ ಮಾವನ ಫೋನ್ ಬಂತು ಅಂದರೆ ಎರಡೇ ವಿಷಯ. ಒಂದು ಗೂಡಿನ ರೇಟು ಬಿದ್ದಿದೆ, ಇಲ್ಲಾ ಬೋರಿನ ಮೋಟಾರ್ ಸುಟ್ಟಿದೆ. ಆವತ್ತು ಎರಡೂ ಅಲ್ಲ.

"ಲೋ, ನನಗೆ ಡೀಪ್ ಸ್ಲೀಪು ಬರೀ ಮೂವತ್ತೆಂಟು ನಿಮಿಷ ಅಂತೆ ಕಣೋ. ಏನಾದ್ರೂ ಆಗಿದ್ಯಾ ನಂಗೆ?"

ಮಾವ ಅಂದರೆ ಅಮ್ಮನ ತಮ್ಮ. ವಯಸ್ಸು 57. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಎರಡೂವರೆ ಎಕರೆ ಹಿಪ್ಪುನೇರಳೆ, ಒಂದು ಹುಳದ ಮನೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಯುಗಾದಿಗೆ ಬಂದಾಗ ಅಪ್ಪನ ಕೈಗೆ ಒಂದು ಸ್ಮಾರ್ಟ್‌ವಾಚ್ ಕಟ್ಟಿ ಹೋಗಿದ್ದ. ಹೆಜ್ಜೆ ಎಣಿಸಲಿ ಅಂತ. ಆದರೆ ತೋಟದಲ್ಲಿ ದಿನವಿಡೀ ಓಡಾಡುವ ಮನುಷ್ಯನಿಗೆ ಹೆಜ್ಜೆಯ ಲೆಕ್ಕದಲ್ಲಿ ಏನಿದೆ ಹೊಸದು? ಮಾವನಿಗೆ ಹಿಡಿಸಿದ್ದು ನಿದ್ದೆಯ ಪುಟ. ಎದ್ದ ತಕ್ಷಣ ಮುಖ ತೊಳೆಯುವ ಮೊದಲು ಅದನ್ನೇ ತೆಗೆದು ನೋಡುವುದು, ಬಣ್ಣ ಬಣ್ಣದ ಗೆರೆ, ಕೆಳಗೆ ಒಂದು ಸ್ಕೋರು.

ನನಗೇ ಫೋನ್ ಮಾಡಿದ್ದಕ್ಕೆ ಕಾರಣ ಇದೆ. ನಾನು ಆರು ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯ ನಿದ್ದೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಜನ ಮಲಗಲು ಬರುತ್ತಿದ್ದರು, ನಾನು ಅವರ ತಲೆಗೆ ವೈರು ಅಂಟಿಸಿ, ಪಕ್ಕದ ರೂಮಿನಲ್ಲಿ ಬೆಳಗಿನ ತನಕ ಕೂತು ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಇದಕ್ಕೆ 'ಬೇರೆಯವರ ನಿದ್ದೆ ಕಾಯೋ ಕೆಲಸ' ಅಂತಲೇ ಹೆಸರು. ಈಗ ಚಿಕ್ಕಬಳ್ಳಾಪುರಕ್ಕೆ ಬಂದು ಬೇರೆ ಕೆಲಸ ಹಿಡಿದಿದ್ದೇನೆ. ನಿದ್ದೆಯ ಪ್ರಶ್ನೆಗಳು ಮಾತ್ರ ಬಿಟ್ಟಿಲ್ಲ.

ಆ ಭಾನುವಾರ ಊರಿಗೆ ಹೋದೆ. ಮಾವ ಫೋನ್ ಕೊಟ್ಟರು, ನಾನು ಆ ರಾತ್ರಿಯ ಪುಟ ತೆಗೆದೆ. ಮಲಗಿದ್ದು 10:12ಕ್ಕೆ, ಎದ್ದಿದ್ದು 5:24ಕ್ಕೆ. ಒಟ್ಟು 432 ನಿಮಿಷ. ಅದರಲ್ಲಿ ಎಚ್ಚರ 9 ನಿಮಿಷ, ಹಗುರ ನಿದ್ದೆ 292, ಡೀಪ್ 38, ಆರ್‌ಇಎಂ ಅನ್ನುವ ಕನಸಿನ ಹಂತ 93. ಸ್ಕೋರು 84, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 'ಚೆನ್ನಾಗಿದೆ' ಅಂತ.

ಮಾವನ ಕಣ್ಣು 38ರ ಮೇಲೆ. ನನ್ನ ಕಣ್ಣು ಹೋಗಿದ್ದು 9ರ ಮೇಲೆ.

ಐವತ್ತು ದಾಟಿದ ಮನುಷ್ಯ ಏಳು ಗಂಟೆ ಮಲಗಿ ಬರೀ ಒಂಬತ್ತು ನಿಮಿಷ ಎಚ್ಚರ ಇದ್ದ ಅಂದರೆ ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಸಣ್ಣದಾಗಿ ಅನುಮಾನ ಬರುತ್ತದೆ. ಉಚ್ಚೆಗೆ ಎದ್ದು ಬಂದರೇ ನಾಲ್ಕು ನಿಮಿಷ ಆಗುತ್ತೆ, ಅಲ್ವಾ?

"ಆ ರಾತ್ರಿ ಮಧ್ಯದಲ್ಲಿ ಎಚ್ಚರ ಆಗಿತ್ತಾ ಮಾವ?" ಅಂದೆ.

"ಆಗ್ದೇ ಇರುತ್ತಾ? ತ್ರೀ ಫೇಸ್ ಬಂತಲ್ಲ."

ಈ ಕಡೆ ಬೋರ್ ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಮೋಟಾರ್ ಓಡುವುದೂ ಆಗಲೇ. ಮಾವ ಈಗ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರುವಾಗುತ್ತೆ, ಫೋನಿಗೆ ಮೆಸೇಜೂ ಬರುತ್ತೆ. ಏಳಬೇಕಾಗಿಲ್ಲ. ಆದರೂ ಮಾವನಿಗೆ ಎಚ್ಚರ ಆಗುತ್ತೆ, ಆದರೆ ಏಳುವುದಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಾರೆ. ಮನೆಯ ಹಿಂದೆಯೇ ತೊಟ್ಟಿ. ನೀರು ಬೀಳುವ ಸದ್ದು ಒಂದೇ ಸಮ ಇದ್ದರೆ ಸರಿ, ನಡುವೆ ಗೊಳಗೊಳ ಅಂತ ಗಾಳಿ ಉಗುಳಿದರೆ ಬೋರಿನಲ್ಲಿ ನೀರು ಕಡಿಮೆಯಾಗುತ್ತಿದೆ ಅಂತ ಅರ್ಥ. ಆ ಗಾಳಿಯ ಸದ್ದು ಬರದೇ ಇರಲಿ ಅಂತ ಉಸಿರು ಬಿಗಿಹಿಡಿದು ಕೇಳುವುದು ಬಯಲುಸೀಮೆಯ ಅರ್ಧ ಗಂಡಸರ ರಾತ್ರಿ ಕೆಲಸ.

ಮೆಸೇಜ್ ತೆಗೆದು ನೋಡಿದೆ. ಮೋಟಾರ್ ಶುರುವಾಗಿದ್ದು 1:52ಕ್ಕೆ, ಕರೆಂಟ್ ಹೋಗಿ ನಿಂತಿದ್ದು 2:37ಕ್ಕೆ. ಶುರುವಾದ ಸದ್ದೂ ಮಾವನಿಗೆ ನೆನಪಿದೆ, ನಿಂತ ಸದ್ದೂ ನೆನಪಿದೆ, ನಡುವೆ ಎರಡು ಸಲ ಗಾಳಿ ಉಗುಳಿದ್ದೂ ನೆನಪಿದೆ. ನಡುವೆ ಐದು ನಿಮಿಷ ಜೊಂಪು ಹತ್ತಿರಬಹುದು, ಇಲ್ಲ ಅನ್ನಲ್ಲ. ಆದರೂ ಮುಕ್ಕಾಲು ಗಂಟೆಯ ಬಹುಪಾಲು ಈ ಮನುಷ್ಯ ಎಚ್ಚರವಾಗಿದ್ದರು.

ಈಗ ವಾಚಿನ ಮೆಟ್ಟಿಲು ಚಿತ್ರ ನೋಡಿದರೆ, 1:46ರಿಂದ 2:09ರ ತನಕ ಕಡುನೀಲಿ ಪಟ್ಟಿ, ಅಂದರೆ ಡೀಪ್ ಸ್ಲೀಪ್. ಅಲ್ಲಿಂದ ಮೂರರವರೆಗೆ ಹಗುರ ನಿದ್ದೆ. ಎಚ್ಚರ ಅಂತ ಒಂದು ಗೆರೆಯೂ ಇಲ್ಲ. ಮಾವ ಬೋರಿನ ಚಿಂತೆ ಮಾಡುತ್ತಿದ್ದ ಹೊತ್ತನ್ನು ವಾಚು ಆ ರಾತ್ರಿಯ ಅತ್ಯಂತ ಗಾಢವಾದ ನಿದ್ದೆ ಅಂತ ಬರೆದುಕೊಂಡಿದೆ.

ಮಾವ ಒಂದು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಆ ಮೂವತ್ತೆಂಟರಲ್ಲೂ ಸುಳ್ಳಿದೆ" ಅಂದರು. ರೇಟು ಇನ್ನೂ ಬಿತ್ತು ಅನ್ನುವ ದನಿಯಲ್ಲಿ.

ಯಾಕೆ ಹೀಗಾಗುತ್ತೆ ಅಂತ ಹೇಳಲು ಲ್ಯಾಬಿನ ಕಥೆ ಹೇಳಬೇಕು. ನಿದ್ದೆಯ ಹಂತ ಅನ್ನುವುದು ಮೊದಲಿಂದಲೂ ಮೆದುಳಿನ ಅಲೆ ನೋಡಿ ಮಾಡಿಕೊಂಡ ಲೆಕ್ಕ. ನೆತ್ತಿ, ಹಣೆ, ತಲೆಯ ಹಿಂಭಾಗಕ್ಕೆ ವೈರು ಅಂಟಿಸುತ್ತೇವೆ, ಕಣ್ಣಿನ ಪಕ್ಕ ಎರಡು, ಗದ್ದದ ಕೆಳಗೆ ಒಂದೆರಡು. ಇಡೀ ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಒಂದು ಹಂತದ ಹೆಸರು ಬರೆಯುತ್ತೇವೆ. ಎಂಟು ಗಂಟೆಗೆ 960 ತುಂಡು. 30 ಸೆಕೆಂಡೇ ಯಾಕೆ ಅಂದರೆ, ಹಿಂದೆ ಇದೆಲ್ಲ ಕಾಗದದ ಮೇಲೆ ಪೆನ್ನಿನಿಂದ ಗೀಚುತ್ತಿದ್ದ ಕಾಲದಲ್ಲಿ ಕಾಗದ ಸೆಕೆಂಡಿಗೆ ಒಂದು ಸೆಂಟಿಮೀಟರ್ ಓಡುತ್ತಿತ್ತು, ಒಂದು ಹಾಳೆಯ ಅಗಲ 30 ಸೆಂಟಿಮೀಟರ್. ಅಷ್ಟೇ. ಕಾಗದ ಹೋಗಿ ಕಂಪ್ಯೂಟರ್ ಬಂದರೂ ಆ ಅಳತೆ ಉಳಿದುಕೊಂಡಿದೆ.

ಡೀಪ್ ಅನ್ನುವುದಕ್ಕೂ ಒಂದು ಗೆರೆ ಇದೆ. ದೊಡ್ಡ, ನಿಧಾನದ ಅಲೆಗಳು ಬರಬೇಕು, ಅವುಗಳ ಎತ್ತರ 75 ಮೈಕ್ರೊವೋಲ್ಟ್ ದಾಟಬೇಕು, ಆ 30 ಸೆಕೆಂಡಿನ ತುಂಡಿನಲ್ಲಿ ಕನಿಷ್ಠ ಐದನೇ ಒಂದು ಭಾಗ ಅಂಥ ಅಲೆ ಇರಬೇಕು. ಅಂದರೆ ಆರು ಸೆಕೆಂಡು. ಅಲೆ 70ಕ್ಕೆ ನಿಂತರೆ ಎಣಿಕೆಗೆ ಬರುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ವಯಸ್ಸಾದಂತೆ ಈ ಅಲೆಗಳ ಎತ್ತರ ತಗ್ಗುತ್ತದೆ, ಗಂಡಸರಲ್ಲಿ ಇನ್ನೂ ಜಾಸ್ತಿ. ಇಪ್ಪತ್ತರ ಹುಡುಗನ ಅಲೆ ಪರದೆಯ ಮೇಲೆ ನಂದಿಬೆಟ್ಟದ ಹಾಗೆ ಏಳುತ್ತೆ. ಅರವತ್ತರ ಹತ್ತಿರ ಇರುವವರದು ಹೊಲದ ಬದುವಿನಷ್ಟು. ಚೆನ್ನಾಗಿಯೇ ನಿದ್ದೆ ಮಾಡಿರುತ್ತಾರೆ, ಆದರೆ ಗೆರೆ ದಾಟುವ ಅಲೆ ಕಡಿಮೆ. ಹಾಗಾಗಿ 57ರ ಮಾವನಿಗೆ 423 ನಿಮಿಷದ ನಿದ್ದೆಯಲ್ಲಿ 38 ನಿಮಿಷ, ಅಂದರೆ ನೂರಕ್ಕೆ ಒಂಬತ್ತು, ಲ್ಯಾಬಿನಲ್ಲೇ ಬಂದಿದ್ದರೂ ನಾನು ಬೆಚ್ಚಿಬೀಳುತ್ತಿರಲಿಲ್ಲ. ಅವರ ಮಗನ ವಾಚಿನಲ್ಲಿ ಒಂದೂವರೆ ಗಂಟೆ ತೋರಿಸುತ್ತಂತೆ, ಅದನ್ನು ನೋಡಿ ಹೋಲಿಸಿಕೊಂಡಿದ್ದಾರೆ. ಮಗನ ತಲೆಗೂದಲಿಗೆ ತಮ್ಮದನ್ನು ಹೋಲಿಸಿಕೊಂಡ ಹಾಗೆ.

ಇಷ್ಟೆಲ್ಲ ವೈರು ಹಾಕಿ ನೋಡಿದರೂ ಇಬ್ಬರು ಅನುಭವಿಗಳು ಒಂದೇ ರಾತ್ರಿಗೆ ಬರೆದ ಹಂತಗಳು ನೂರಕ್ಕೆ ನೂರು ಹೊಂದುವುದಿಲ್ಲ. 80ರ ಆಸುಪಾಸು ಹೊಂದಿದರೆ ಒಳ್ಳೆಯ ಕೆಲಸ ಅನ್ನುತ್ತಾರೆ. ನಾನೂ ನನ್ನ ಸೀನಿಯರ್ರೂ ಎಷ್ಟೋ ಸಲ ಒಂದು ತುಂಡಿನ ಮೇಲೆ ಟೀ ಆರುವ ತನಕ ವಾದ ಮಾಡಿದ್ದೇವೆ.

ಈಗ ವಾಚಿಗೆ ಬನ್ನಿ. ಅದು ಇರುವುದು ಮಣಿಕಟ್ಟಿನ ಮೇಲೆ. ಮೆದುಳಿನ ಅಲೆ ಅಲ್ಲಿಗೆ ಬರುವುದಿಲ್ಲ. ಅದರ ಹತ್ತಿರ ಇರುವುದು ಎರಡೇ ಸಾಕ್ಷಿ. ಒಂದು, ಕೈ ಅಲ್ಲಾಡಿತೋ ಇಲ್ಲವೋ. ಇನ್ನೊಂದು ನಾಡಿ. ವಾಚು ಬಿಚ್ಚಿ ತಿರುಗಿಸಿದರೆ ಹಿಂದೆ ಮಿಣಮಿಣ ಅನ್ನುವ ಹಸಿರು ಬೆಳಕು ಇದೆಯಲ್ಲ, ಅದು ಚರ್ಮದೊಳಗೆ ಹೋಗಿ ವಾಪಸ್ ಬರುತ್ತೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಪ್ರತಿ ಬಡಿತಕ್ಕೂ ವಾಪಸ್ ಬರುವ ಬೆಳಕು ಸ್ವಲ್ಪ ಏರಿಳಿಯುತ್ತೆ. ಅದರಿಂದ ಬಡಿತದ ವೇಗ, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ, ಉಸಿರಿನ ಲಯ ಎಲ್ಲ ಅಂದಾಜು ಸಿಗುತ್ತೆ.

ಈ ಎರಡು ಸಾಕ್ಷಿಯಿಂದ ಹಂತ ಹೇಗೆ ಹೇಳುತ್ತೆ? ಡೀಪ್ ನಿದ್ದೆಯಲ್ಲಿ ಬಡಿತ ನಿಧಾನ, ಉಸಿರು ಗಡಿಯಾರದ ಹಾಗೆ ಒಂದೇ ಸಮ, ಮೈ ಅಲ್ಲಾಡದು. ಆರ್‌ಇಎಂನಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುವ, ಕನಸು ಜಾಸ್ತಿ ಬೀಳುವ ಹಂತದಲ್ಲಿ, ಬಡಿತವೂ ಉಸಿರೂ ಏರುಪೇರು, ಕೈಕಾಲು ಮಾತ್ರ ಸಡಿಲ. ಎರಡಕ್ಕೂ ಸೇರದ್ದು ಹಗುರ ನಿದ್ದೆ. ಇದರ ಜತೆ ಇನ್ನೊಂದು ವಿಷಯ ಸೇರಿಕೊಳ್ಳುತ್ತೆ. ಡೀಪ್ ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ, ಆರ್‌ಇಎಂ ಬೆಳಗಿನ ಜಾವ ಜಾಸ್ತಿ. ವಾಚಿನ ಸಾಫ್ಟ್‌ವೇರನ್ನು ತಯಾರು ಮಾಡುವುದೇ ಲ್ಯಾಬಿನಲ್ಲಿ ಮಲಗಿದ ಜನರ ರಾತ್ರಿಗಳನ್ನು ತೋರಿಸಿ, ಹಾಗಾಗಿ ಈ ವಾಡಿಕೆಯೂ ಅದಕ್ಕೆ ಗೊತ್ತಿರುತ್ತೆ. ನನ್ನ ತಕರಾರು ಇರುವುದೇ ಇಲ್ಲಿ. ತಪ್ಪಿದಾಗಲೂ ಅದು ಬಿಡಿಸುವ ಚಿತ್ರ ಒಂದು ನಿಜವಾದ ರಾತ್ರಿಯ ಹಾಗೇ ಕಾಣುತ್ತೆ. ಮೆಟ್ಟಿಲು ಇಳಿಯುತ್ತೆ, ಏರುತ್ತೆ, ಒಂದೂವರೆ ಗಂಟೆಗೊಂದು ಸುತ್ತು. ನೋಡಿದವರಿಗೆ ಅನುಮಾನವೇ ಬರಲ್ಲ.

ಮಾವ ಅಲ್ಲಾಡದೆ, ಅಂಗಾತ ಮಲಗಿ, ನಿಧಾನ ಉಸಿರಾಡುತ್ತಾ ಬೋರಿನ ಸದ್ದು ಕೇಳುತ್ತಿದ್ದಾಗ ವಾಚಿಗೆ ಸಿಕ್ಕಿದ್ದು ಡೀಪ್ ನಿದ್ದೆಗೆ ಸಿಗುವ ಸಾಕ್ಷಿಯೇ.

ಇದನ್ನು ವಿವರಿಸಲು ಒದ್ದಾಡುತ್ತಿದ್ದೆ, ಆಗ ಹುಳದ ಮನೆ ನೆನಪಾಯಿತು. ಆವತ್ತು ಮೂರನೇ ಜ್ವರಕ್ಕೆ ಹುಳ ಕೂತಿದ್ದವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಆಗ ಸೊಪ್ಪು ತಿನ್ನಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತೆ.

"ಮಾವ, ಇವು ನಿದ್ದೆ ಮಾಡ್ತಿದಾವಾ?"

"ನಿದ್ದೆ ಎಲ್ಲಿಂದ ಬಂತು, ಒಳಗೆ ಹೊಸ ಚರ್ಮ ಆಗ್ತಿರುತ್ತೆ. ಇನ್ನು ಸತ್ತಿರೋ ಹುಳಾನೂ ಅಲ್ಲಾಡಲ್ಲ. ಅಲ್ಲಾಡ್ತಿಲ್ಲ ಅಂತ ನೋಡಿದ್ರೆ ಆಗುತ್ತಾ? ತಲೆ ನೋಡ್ಬೇಕು."

ತಲೆ ನೋಡ್ಬೇಕು ಅಂತ ಅವರೇ ಹೇಳಿದ ಮೇಲೆ ನನಗೆ ಹೇಳಲು ಏನೂ ಉಳಿಯಲಿಲ್ಲ. ನಾವು ಲ್ಯಾಬಿನಲ್ಲಿ ನೋಡುವುದೂ ತಲೆಯನ್ನೇ.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕಂದರೆ ಜಾಹೀರಾತಿನಲ್ಲಿ 'ನೂರಕ್ಕೆ ತೊಂಬತ್ತು ನಿಖರ' ಅಂತ ನೋಡಿದವರು ನನ್ನ ಜತೆ ಜಗಳಕ್ಕೆ ಬರುತ್ತಾರೆ. ಒಬ್ಬರು 480 ನಿಮಿಷ ಹಾಸಿಗೆಯಲ್ಲಿದ್ದರು ಅನ್ನಿ. 430 ನಿಮಿಷ ನಿದ್ದೆ, 50 ನಿಮಿಷ ಎಚ್ಚರ. ಈಗ ನಾನು ಏನನ್ನೂ ಅಳೆಯದ ಒಂದು ಡಬ್ಬಿ ವಾಚು ಮಾಡುತ್ತೇನೆ, ಅದು ಇಡೀ ರಾತ್ರಿ 'ನಿದ್ದೆ, ನಿದ್ದೆ' ಅಂತಲೇ ಬರೆಯುತ್ತೆ. ಅದು 480ರಲ್ಲಿ 430 ನಿಮಿಷ ಸರಿ ಹೇಳಿದ ಹಾಗಾಯಿತು. ನೂರಕ್ಕೆ ತೊಂಬತ್ತು! ಎಚ್ಚರವನ್ನು ಒಂದು ನಿಮಿಷವೂ ಹಿಡಿಯದೆ. ಹಾಗಾಗಿ ಕೇಳಬೇಕಾದ್ದು ಎಚ್ಚರವಿದ್ದ ನಿಮಿಷಗಳಲ್ಲಿ ಎಷ್ಟನ್ನು ಹಿಡಿಯಿತು ಅಂತ. ನಿದ್ದೆಯನ್ನು ನಿದ್ದೆ ಅನ್ನುವುದರಲ್ಲಿ ಕೈವಾಚುಗಳು ಬಹಳ ಗಟ್ಟಿ. ಸುಮ್ಮನೆ ಮಲಗಿರುವ ಎಚ್ಚರವನ್ನು ಎಚ್ಚರ ಅನ್ನುವುದರಲ್ಲಿ ಎಲ್ಲವೂ ಸೋಲುತ್ತವೆ, ಕೆಲವು ಕಡಿಮೆ, ಕೆಲವು ಜಾಸ್ತಿ. ಅದಕ್ಕೇ ನಿದ್ದೆ ಬರದೆ ಒದ್ದಾಡುವವರಿಗೆ ವಾಚು 'ಏಳು ಗಂಟೆ ಮಲಗಿದ್ದೀರಿ' ಅಂದು ಹೊಟ್ಟೆ ಉರಿಸುವುದು.

ಮಾವನ ಇನ್ನೊಂದು ದೂರು ನನಗೆ ಬಹಳ ಇಷ್ಟವಾಯಿತು. "ಎದ್ದಾಗ ಚೆನ್ನಾಗೇ ಇರ್ತೀನಿ ಕಣೋ, ಇದು ನೋಡಿದ ಮೇಲೆ ಸುಸ್ತಾಗುತ್ತೆ." ನಗಬೇಡಿ. 2014ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಜನರಿಗೆ ಏನೋ ಯಂತ್ರ ಹಚ್ಚಿ, ನಿನ್ನೆ ರಾತ್ರಿ ನಿಮಗೆ ಆರ್‌ಇಎಂ ಜಾಸ್ತಿ ಆಗಿದೆ, ಅಥವಾ ಕಡಿಮೆ ಆಗಿದೆ ಅಂತ ಸುಳ್ಳು ಅಂಕಿ ಹೇಳಿದರು. ಕಡಿಮೆ ಅಂತ ಕೇಳಿಸಿಕೊಂಡವರು ಆಮೇಲೆ ಕೊಟ್ಟ ತಲೆಗೆಲಸದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. 2017ರ ಹೊತ್ತಿಗೆ ನಿದ್ದೆಯ ಅಂಕಿಯ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳುವುದಕ್ಕೆ ವೈದ್ಯರು ಆರ್ಥೋಸೋಮ್ನಿಯಾ ಅಂತ ಹೆಸರೂ ಇಟ್ಟರು. ಮಾವನಿಗೆ ಈ ಹೆಸರು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಮಾತ್ರೆ ಕೇಳುತ್ತಿದ್ದರು.

ಹಾಗಾದರೆ ವಾಚನ್ನು ಬಿಚ್ಚಿ ಗೂಟಕ್ಕೆ ಹಾಕಿಬಿಡುವುದಾ? ಬೇಡ. ನಾನು ಮಾವನ ಎರಡು ತಿಂಗಳ ದಾಖಲೆ ಪೂರ್ತಿ ನೋಡಿದೆ, ಹಂತಗಳ ಪುಟ ಬಿಟ್ಟು. ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು ಅನ್ನುವುದು ಚೆನ್ನಾಗಿ ಸಿಗುತ್ತೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ, ಹುಳ ಸೊಪ್ಪನ್ನು ಬಕಾಸುರನ ಹಾಗೆ ಮುಕ್ಕುವ ದಿನಗಳಲ್ಲಿ, ಮಾವನ ರಾತ್ರಿ ಎರಡು ತುಂಡಾಗುವುದು ಎದ್ದು ಕಾಣುತ್ತೆ. ತಮಾಷೆ ಅಂದರೆ ಅಂಥ ಕೆಲವು ರಾತ್ರಿಗಳಲ್ಲಿ ವಾಚು ದೊಡ್ಡ ತುಂಡನ್ನು ಮಾತ್ರ ರಾತ್ರಿ ಅಂತ ತಗೊಂಡು ಸಣ್ಣ ತುಂಡನ್ನು ಮಧ್ಯಾಹ್ನದ ಕೋಳಿನಿದ್ದೆಯ ಲೆಕ್ಕಕ್ಕೆ ಹಾಕಿತ್ತು. ಸ್ಕೋರು 41. ಒಟ್ಟು ನಿದ್ದೆ ನಾನು ಕೂಡಿಸಿ ನೋಡಿದರೆ ಆರು ಗಂಟೆ ಹತ್ತು ನಿಮಿಷ.

ಇನ್ನೊಂದು ಉಪಯೋಗದ ಗೆರೆ ರಾತ್ರಿಯ ನಾಡಿ. ಬಡಿತ ಎಣಿಸುವುದು ವಾಚಿಗೆ ನೇರವಾಗಿ ಗೊತ್ತಿರುವ ಕೆಲಸ, ಅದರಲ್ಲಿ ಊಹೆ ಕಡಿಮೆ. ಪಟ್ಟಿ ಮಾತ್ರ ಬಳೆಯ ಹಾಗೆ ಓಲಾಡಬಾರದು, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಹಿತವಾಗಿ ಬಿಗಿ ಇರಬೇಕು. ಮಾವನದು ಸಾಮಾನ್ಯ ರಾತ್ರಿ 56ರ ಹತ್ತಿರ ಓಡಾಡುತ್ತೆ. ಎರಡು ತಿಂಗಳಲ್ಲಿ ನಾಲ್ಕು ರಾತ್ರಿ 64, 66 ಆಗಿತ್ತು. ದಿನಾಂಕ ಓದಿದೆ. ಮಾವ ಮೇಲೆ ನೋಡಿದರು, ಅತ್ತೆ ಮಾವನನ್ನು ನೋಡಿದರು. ಒಂದು ಬೀಗರೂಟ, ಒಂದು ಊರಹಬ್ಬ, ಉಳಿದ ಎರಡು ಗೂಡು ಮಾರಿ ಬಂದ ದಿನ. ಬಾಡೂಟ, ಅದರ ಜತೆಗಿನದು. ಕುಡಿದು ಮಲಗಿದ ರಾತ್ರಿ ನಾಡಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಅದರಲ್ಲಿ ಎರಡು ರಾತ್ರಿಗಳ ಸ್ಕೋರು 80ರ ಮೇಲಿತ್ತು ಅನ್ನುವುದನ್ನೂ ಹೇಳಬೇಕು, ಬೇಗ ಮಲಗಿ ತಡವಾಗಿ ಎದ್ದಿದ್ದರಲ್ಲ.

ಸ್ಕೋರು ಅಂದರೆ ಅಷ್ಟೇ. ಎಷ್ಟು ಹೊತ್ತು ಮಲಗಿದಿರಿ ಅನ್ನುವುದಕ್ಕೆ ದೊಡ್ಡ ಪಾಲು, ಉಳಿದದ್ದಕ್ಕೆ ಇಷ್ಟಿಷ್ಟು ಅಂತ ಕಂಪನಿಯವರು ತಮಗೆ ಸರಿ ಕಂಡ ಹಾಗೆ ಹಂಚಿ ಕೂಡಿಸಿದ ಮೊತ್ತ. ಒಂದು ಕಂಪನಿಯ 84ಕ್ಕೂ ಇನ್ನೊಂದರ 84ಕ್ಕೂ ಸಂಬಂಧವಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಅದೇ ಕೈಗೆ ಬೇರೆ ಅಂಕಿ ಬರಬಹುದು. ನನಗಂತೂ ಅದನ್ನು ಕಂಡರೆ ಆಗಲ್ಲ.

ಇಷ್ಟು ಹೊತ್ತು ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮಾತಿನ ನಡುವೆ, "ಈ ವಾಚಲ್ಲಿ ಗೊರಕೆ ಬರಲ್ವಾ?" ಅಂದರು.

"ಈ ವಾಚಲ್ಲಿ ಬರಲ್ಲ ಅತ್ತೆ. ಯಾಕೆ, ಜೋರಾ?"

"ಜೋರಾದ್ರೆ ಅಭ್ಯಾಸ ಆಗಿದೆಯಪ್ಪ. ನಂಗೆ ಎಚ್ಚರ ಆಗೋದು ಗೊರಕೆ ನಿಂತಾಗ. ಸದ್ದೇ ಇರಲ್ಲ, ನಾನು ಎಣಿಸ್ತೀನಿ. ಹದಿನೈದು, ಇಪ್ಪತ್ತು. ಆಮೇಲೆ ಹಾ ಅಂತ ಒಂದ್ಸಲ ಎಳ್ಕೋತಾರೆ. ಪಕ್ಕೆಗೆ ತಿವಿದ್ರೆ ಸರಿಹೋಗುತ್ತೆ."

ನಾನು ಫೋನ್ ಕೆಳಗಿಟ್ಟೆ. ಲ್ಯಾಬಿನಲ್ಲಿ ಆರು ವರ್ಷ ಕೂತವನು ಬಂದ ತಕ್ಷಣ ಕೇಳಬೇಕಾಗಿದ್ದ ಪ್ರಶ್ನೆ ಇದು. ನಾನೂ ಬಣ್ಣದ ಪಟ್ಟಿ ನೋಡುತ್ತಾ ಒಂದು ಗಂಟೆ ಕಳೆದಿದ್ದೆ.

ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವುದಕ್ಕೆ ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಕನಿಷ್ಠ ಹತ್ತು ಸೆಕೆಂಡು ನಿಂತರೆ ಒಂದು ಸಲ ಅಂತ ಲೆಕ್ಕ, ಉಸಿರು ಪೂರ್ತಿ ನಿಲ್ಲದೆ ತೀರಾ ಸಣ್ಣದಾಗಿ ಆಕ್ಸಿಜನ್ ಇಳಿದರೂ ಲೆಕ್ಕಕ್ಕೆ ಬರುತ್ತೆ. ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ, 15 ದಾಟಿದರೆ ಮಧ್ಯಮ, 30 ದಾಟಿದರೆ ಜೋರು. ಪ್ರತಿ ಸಲವೂ ಮೆದುಳು ಮೂರ್ನಾಲ್ಕು ಸೆಕೆಂಡು ಎಚ್ಚರದ ಕಡೆ ಜಿಗಿದು ಗಂಟಲನ್ನು ಬಿಡಿಸುತ್ತೆ. ಮಲಗಿದವರಿಗೆ ನೆನಪೇ ಇರುವುದಿಲ್ಲ. ಕೈ ಅಲ್ಲಾಡದಿದ್ದರೆ ವಾಚಿಗೂ ಗೊತ್ತಾಗಲ್ಲ, ರಾತ್ರಿಗೆ ನೂರು ಸಲ ಹೀಗಾದರೂ ಪುಟದಲ್ಲಿ ಎಚ್ಚರ 9 ನಿಮಿಷ, ಸ್ಕೋರು 84.

ಕೇಳಿದೆ. ಬಿಪಿ ಮಾತ್ರೆ ಎರಡು ವರ್ಷದಿಂದ. ಬೆಳಿಗ್ಗೆ ತಲೆ ಭಾರ, 'ಟೀ ಕುಡಿದ್ರೆ ಹೋಗುತ್ತೆ'. ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಒಂದು ಸಲ ಬೈಕಿನಲ್ಲಿ ಬರುವಾಗಲೂ ಕಣ್ಣೆಳೆದು ರಸ್ತೆ ಪಕ್ಕ ನಿಲ್ಲಿಸಿದ್ದರಂತೆ. ಅದನ್ನು ಅತ್ತೆಗೂ ಹೇಳಿರಲಿಲ್ಲ.

ಕೆಲವು ವಾಚುಗಳಲ್ಲಿ ಈಗ ಅಪ್ನಿಯಾದ ಸೂಚನೆ ಕೊಡುವ ಸೌಲಭ್ಯ ಬಂದಿದೆ, 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥವಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ. ಅದು ನಿದ್ದೆಯ ಸ್ಕೋರಿಗಿಂತ ಬೇರೆಯದೇ ಲೆಕ್ಕ. ಸೂಚನೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಬರಲಿಲ್ಲ ಅಂತ ನಿಮಗೆ ಅಪ್ನಿಯಾ ಇಲ್ಲ ಅಂತ ಆಗಲ್ಲ, ಪಕ್ಕದಲ್ಲಿ ಮಲಗುವವರು ಎಣಿಸುತ್ತಿದ್ದರೆ ಆ ಎಣಿಕೆಗೇ ಬೆಲೆ ಜಾಸ್ತಿ.

ಮೂರು ವಾರ ಬಿಟ್ಟು, ಒಂದು ಬೆಳೆ ಮುಗಿದು ಹುಳದ ಮನೆ ಖಾಲಿಯಾದ ಮೇಲೆ, ಮಾವ ಬೆಂಗಳೂರಿನ ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿದರು. ವಾಚು ಬಿಚ್ಚಬೇಡಿ ಅಂತ ನಾನೇ ಹೇಳಿದ್ದೆ, ಕುತೂಹಲಕ್ಕೆ. ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಎಚ್ಚರ: ವಾಚಿನಲ್ಲಿ 14 ನಿಮಿಷ, ಲ್ಯಾಬಿನಲ್ಲಿ 71. ಡೀಪ್: ವಾಚಿನಲ್ಲಿ 44, ಲ್ಯಾಬಿನಲ್ಲಿ 19. ಆರ್‌ಇಎಂ ಮಾತ್ರ ಹತ್ತಿರ ಹತ್ತಿರ ಬಂದಿತ್ತು. ಹೊಸ ಜಾಗದಲ್ಲಿ, ವೈರುಗಳ ನಡುವೆ ಮೊದಲ ರಾತ್ರಿ ಯಾರಿಗೂ ನಿದ್ದೆ ಸರಿಯಾಗಿ ಬರಲ್ಲ, ಹಾಗಾಗಿ ಆ 71 ಮನೆಯ 71 ಅಲ್ಲ. ಆದರೆ ಆ ರಾತ್ರಿ ಎರಡೂ ಅಳೆದಿದ್ದು ಒಂದೇ ದೇಹವನ್ನು.

ಉಸಿರು ನಿಂತ ಲೆಕ್ಕ ಗಂಟೆಗೆ 27.

ಅಂದರೆ ಡೀಪ್ ಕಡಿಮೆ ಅಂತ ಮಾವ ಹೆದರಿದ್ದು ಪೂರ್ತಿ ಸುಳ್ಳೂ ಆಗಲಿಲ್ಲ ನೋಡಿ. ಉಸಿರು ನಿಂತು ನಿಂತು ನಿದ್ದೆ ಚೂರಾಗುತ್ತಿದ್ದರೆ ಡೀಪ್ ಕಮ್ಮಿಯಾಗುತ್ತೆ, ಅದರ ಮೇಲೆ ವಯಸ್ಸು. ವಾಚು ಹೇಳಿದ್ದು ಕಾರಣ ಗೊತ್ತಿಲ್ಲದೆ, ಅರ್ಧ ತಪ್ಪು ಲೆಕ್ಕದಿಂದ, 'ಚೆನ್ನಾಗಿದೆ' ಅನ್ನುವ ಹಸಿರು ಅಕ್ಷರದ ಜತೆ. ಇದನ್ನು ಸರಿ ಅಂತ ಕರೆಯಬೇಕೋ ತಪ್ಪು ಅಂತ ಕರೆಯಬೇಕೋ ನನಗೆ ಇನ್ನೂ ಬಗೆಹರಿದಿಲ್ಲ.

ಡಾಕ್ಟರು ಸಿ-ಪ್ಯಾಪ್ ಯಂತ್ರ ಬರೆದುಕೊಟ್ಟರು. ಮೂಗಿಗೆ ಮುಖವಾಡ ಹಾಕಿಕೊಂಡು ಮಲಗುವುದು, ಅದು ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತೆ. ಮಾವ ಮೊದಲು ಒಪ್ಪಲಿಲ್ಲ, ಕರೆಂಟ್ ಹೋದರೆ ಏನು ಗತಿ ಅಂದರು. ನ್ಯಾಯವಾದ ಪ್ರಶ್ನೆಯೇ. ಮಗ ಯುಪಿಎಸ್ ಹಾಕಿಸಿಕೊಟ್ಟ.

ಯಂತ್ರ ಹಾಕಿಕೊಂಡು ಮಲಗಿದ ಮೊದಲ ರಾತ್ರಿ ಕಳೆದು, ಬೆಳಿಗ್ಗೆ ಆರೂವರೆಗೆ ಫೋನ್ ಬಂತು.

"ಲೋ, ಸ್ಕೋರು ಅರವತ್ತಮೂರು ಅಂತೆ ಕಣೋ. ಮುಖವಾಡ ಸರಿ ಮಾಡ್ಕೋತಾನೇ ಇದ್ನಲ್ಲ, ಎಚ್ಚರ ಎಚ್ಚರ ಅಂತ ಗೆರೆ ಹಾಕೈತೆ."

"ಅತ್ತೆ ಏನಂದ್ರು ಮಾವ?"

"ಅವಳಿನ್ನೂ ಎದ್ದಿಲ್ಲ."